ಚೆಕ್ ಬರೆದವರೇ ಇನ್ನೊಮ್ಮೆ ಹೇಳಬೇಕಂತೆ!

ಬ್ಯಾಂಕಿನಿಂದ ನಿವೃತ್ತರಾದವರಿಗೆ ಪಿಂಚಣಿ ಜೊತೆ ಇನ್ನೊಂದು ಸೌಲಭ್ಯ ಪುಕ್ಕಟೆ ಸಿಗುತ್ತದೆ. ದೇಶದಲ್ಲಿ ಯಾವ ಬ್ಯಾಂಕು ಏನು ಮಾಡಿದರೂ ಬೀದಿಯವರೆಲ್ಲ ನಮ್ಮನ್ನೇ ಹಿಡಿದು ಕೇಳುತ್ತಾರೆ. ನಾನಂತೂ ಕ್ಲಿಯರಿಂಗ್ ಸೆಕ್ಷನ್ನಿನಲ್ಲಿ ಚೆಕ್ಕುಗಳ ನಡುವೆಯೇ ತಲೆ ಬೆಳ್ಳಗೆ ಮಾಡಿಕೊಂಡವಳು. ಚೆಕ್ ವಿಷಯ ಬಂತೆಂದರೆ ತಪ್ಪಿಸಿಕೊಳ್ಳುವ ಹಾಗೇ ಇಲ್ಲ. ಮೊನ್ನೆ ಪಕ್ಕದ ಮನೆ ರಾಯರು ಕಾಂಪೌಂಡು ಗೋಡೆಯ ಆಚೆಯಿಂದಲೇ ಶುರು ಮಾಡಿದರು.

"ನೋಡಮ್ಮಾ, ನಿಮ್ಮ ಬ್ಯಾಂಕಿನೋರು ನನ್ನನ್ನ ಏನಂತ ತಿಳ್ಕೊಂಡಿದಾರೆ? ಖಾತೇಲಿ ಎಂಟು ಲಕ್ಷ ಇದೆ. ಚೆಕ್ ನಂದು, ಸಹಿ ನಂದು. ಮೇಲ್ಮಹಡಿ ಕಟ್ಟಿಸಿದ ಕಂಟ್ರಾಕ್ಟರಿಗೆ ಆರು ಲಕ್ಷ ನಲವತ್ತು ಸಾವಿರ ಬರ್ಕೊಟ್ರೆ ವಾಪಸ್ ಕಳಿಸಿದಾರೆ! ಆತ ನನ್ನ ಮುಖ ನೋಡೋ ರೀತಿನೇ ಬದಲಾಗೋಯ್ತು."

ಆ ಬ್ಯಾಂಕು ನನ್ನದಲ್ಲ ಎಂದು ಹೇಳಿ ಪ್ರಯೋಜನವಿಲ್ಲ. "ಪಾಸಿಟಿವ್ ಪೇ ಹಾಕಿದ್ರಾ ರಾಯರೇ?" ಅಂತ ಕೇಳಿದೆ.

"ಅದೇನೋ ಮೆಸೇಜು ಬಂದಿತ್ತು. ಚೆಕ್ಕಿನ ವಿವರ ಖಚಿತಪಡಿಸಿ ಅಂತ. ನಾನು ಡಿಲೀಟ್ ಮಾಡ್ದೆ. ದಿನಾ ಬೆಳಗಾದ್ರೆ ಪೇಪರಲ್ಲಿ, ಟೀವೀಲಿ, ಫೋನ್ ರಿಂಗಾಗೋ ಮುಂಚೆ ಕೂಡ, ಬ್ಯಾಂಕಿನ ಹೆಸರಲ್ಲಿ ಏನು ಕೇಳಿದ್ರೂ ಹೇಳ್ಬೇಡಿ ಅಂತ ಹೊಡ್ಕೋತಾರೆ. ಹೇಳ್ದೇ ಇದ್ದದ್ದಕ್ಕೆ ಈಗ ಚೆಕ್ ವಾಪಸ್!"

ರಾಯರ ಮಾತಲ್ಲಿ ನ್ಯಾಯವಿಲ್ಲ ಎಂದು ಹೇಳಲಾರೆ. ಒಂದು ಬಾಯಲ್ಲಿ ಯಾರಿಗೂ ಏನೂ ಹೇಳಬೇಡಿ ಅನ್ನುವುದು, ಇನ್ನೊಂದು ಬಾಯಲ್ಲಿ ಕೂಡಲೇ ಹೇಳಿ ಅನ್ನುವುದು. ಇವೆರಡರ ಮಧ್ಯೆ ವಯಸ್ಸಾದವರು ಏನು ಮಾಡಬೇಕು? ಆದರೆ ಬ್ಯಾಂಕು ಯಾಕೆ ಕೇಳುತ್ತದೆ ಎನ್ನುವುದಕ್ಕೆ ಕಾರಣ ಇದೆ. ಆ ಕಾರಣ ರಾಯರ ಚೆಕ್ಕಿನಲ್ಲಿಲ್ಲ, ಚೆಕ್ಕು ಹೋಗುವ ದಾರಿಯಲ್ಲಿದೆ.

"ನೀವು ಕೊಟ್ಟ ಚೆಕ್ಕು ಈಗ ಎಲ್ಲಿರಬಹುದು ಹೇಳಿ?" ಅಂದೆ.

"ನನ್ನ ಬ್ರಾಂಚಲ್ಲಿ. ಇನ್ನೆಲ್ಲಿ?"

ನಿಮ್ಮ ಬ್ರಾಂಚು ಆ ಕಾಗದವನ್ನು ಕಣ್ಣಿಂದ ಕೂಡ ನೋಡಿಲ್ಲ ಅಂದಾಗ ರಾಯರು ನಂಬಲೇ ಇಲ್ಲ. ಹಳೆಯ ಕಾಲದಲ್ಲಿ ಅವರು ಹೇಳಿದ ಹಾಗೇ ಇತ್ತು. ಕಂಟ್ರಾಕ್ಟರ್ ತನ್ನ ಬ್ಯಾಂಕಿಗೆ ಹಾಕಿದ ಚೆಕ್ಕು ಚೀಲದಲ್ಲಿ ಕ್ಲಿಯರಿಂಗ್ ಹೌಸಿಗೆ ಹೋಗಿ, ಅಲ್ಲಿಂದ ಹಣ ಕೊಡಬೇಕಾದ ಬ್ಯಾಂಕಿಗೆ ಬರುತ್ತಿತ್ತು. ನಮ್ಮ ಮೇಜಿನ ಮೇಲೆ ಬಿದ್ದ ಮೇಲೆ ನಾವು ಸಹಿಯೊಂದನ್ನೇ ನೋಡುತ್ತಿರಲಿಲ್ಲ. ಕಾಗದ ಬೆರಳಿಗೆ ಒರಟಾಗಿ ಸಿಕ್ಕರೆ, ಒಂದು ಕಡೆ ಬಣ್ಣ ಮಂಕಾಗಿದ್ದರೆ, ಅಂಕಿಯ ಸುತ್ತ ಶಾಯಿ ಹರಡಿದಂತಿದ್ದರೆ ಕೈ ತಾನೇ ನಿಲ್ಲುತ್ತಿತ್ತು. ಬೆಳಕಿಗೆ ಹಿಡಿದು ನೋಡುತ್ತಿದ್ದೆವು. ಗಿರಾಕಿ ಪರಿಚಯದವರಾಗಿದ್ದರೆ ಫೋನು.

2008ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಚೆಕ್ ಟ್ರಂಕೇಷನ್ ಸಿಸ್ಟಮ್ ಶುರುವಾಯಿತು. ಬ್ಯಾಂಕಿನವರ ಬಾಯಲ್ಲಿ ಅದು ಸಿಟಿಎಸ್. 2011ರಲ್ಲಿ ಚೆನ್ನೈಗೆ ಬಂತು. ಕರ್ನಾಟಕದ ಚೆಕ್ಕುಗಳು ಆ ಚೆನ್ನೈ ಗ್ರಿಡ್ಡಿಗೇ ಸೇರಿದವು. 2013ರಲ್ಲಿ ಮುಂಬೈ. ಇದರಲ್ಲಿ ಚೆಕ್ಕು ಪ್ರಯಾಣ ಮಾಡುವುದಿಲ್ಲ. ಅದನ್ನು ಹಾಕಿಸಿಕೊಂಡ ಬ್ಯಾಂಕಿನಲ್ಲೇ ಉಳಿದುಬಿಡುತ್ತದೆ. ಹೋಗುವುದು ಅದರ ಮೂರು ಚಿತ್ರಗಳು ಮತ್ತು ಕೆಳಗಿನ ಪಟ್ಟಿಯ ಅಂಕಿಗಳು ಮಾತ್ರ. ಮುಂಭಾಗದ್ದು ಎರಡು ಚಿತ್ರ, ಒಂದು ಬೂದುಬಣ್ಣದ ಛಾಯೆಗಳಿರುವುದು, ಇನ್ನೊಂದು ಬರೀ ಕಪ್ಪು ಬಿಳುಪು. ಹಿಂಭಾಗದ್ದು ಒಂದು ಕಪ್ಪು ಬಿಳುಪು. ರಾಯರ ಬ್ರಾಂಚಿನ ಪರವಾಗಿ ಎಲ್ಲೋ ಕೂತ ಅಧಿಕಾರಿ ಪರದೆಯ ಮೇಲೆ ನೋಡುವುದು ಅಷ್ಟೇ.

"ಹಾಗಾದ್ರೆ ಫೋಟೋ ನೋಡಿ ಹೆಣ್ಣು ಒಪ್ಪಿದ ಹಾಗಾಯ್ತು," ಅಂದರು ರಾಯರ ಮನೆಯವರು. ಹೂವು ಬಿಡಿಸುವ ನೆಪದಲ್ಲಿ ಅವರೂ ಗೋಡೆ ಹತ್ತಿರ ಬಂದಿದ್ದರು.

ಹಾಗೆಯೇ. ಕಾಗದದಲ್ಲಿ ಭದ್ರತೆಯೇನೂ ಕಡಿಮೆಯಿಲ್ಲ. ಈಗಿನ ಚೆಕ್ಕನ್ನು ಬೆಳಕಿಗೆ ಹಿಡಿದರೆ ಸಿಟಿಎಸ್ ಇಂಡಿಯಾ ಎಂಬ ನೀರುಗುರುತು ಕಾಣುತ್ತದೆ. ಬ್ಯಾಂಕಿನ ಲಾಂಛನ ಅಲ್ಟ್ರಾವಯಲೆಟ್ ದೀಪದಡಿ ಮಾತ್ರ ಹೊಳೆಯುತ್ತದೆ. ಜೆರಾಕ್ಸ್ ತೆಗೆದರೆ ‘ವಾಯ್ಡ್’ ಎಂಬ ಅಕ್ಷರ ಎದ್ದು ಬರುವಂತೆಯೂ ಮುದ್ರಿಸಿರುತ್ತಾರೆ. ಆದರೆ ನೀರುಗುರುತಾಗಲಿ ಆ ಹೊಳೆಯುವ ಲಾಂಛನವಾಗಲಿ ಚಿತ್ರದಲ್ಲಿ ಹೋಗುವುದಿಲ್ಲ. ಅದನ್ನು ನೋಡಬೇಕಾದವರು ಕಾಗದ ಕೈಯಲ್ಲಿರುವ ಆಚೆ ಬ್ಯಾಂಕಿನವರು. 2014ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕು ಈ ಬಗ್ಗೆ ಸುತ್ತೋಲೆಯನ್ನೇ ಕಳಿಸಿತ್ತು. ಎರಡು ಲಕ್ಷದಂಥ ಒಂದು ಮಿತಿ ಇಟ್ಟುಕೊಂಡು ಅದಕ್ಕೆ ಮೇಲಿನವನ್ನೆಲ್ಲ ದೀಪದಡಿ ಇಡಿ, ಐದು ಲಕ್ಷ ಮೀರಿದ್ದನ್ನು ಒಬ್ಬರಿಗಿಂತ ಹೆಚ್ಚು ಮಂದಿ ನೋಡಿ, ಅನುಮಾನ ಬಂದರೆ ಚೆಕ್ ಬರೆದವರಿಗೆ ಫೋನ್ ಮಾಡಿ ಕೇಳಿ ಅಂತ.

ತೊಡಕು ಇರುವುದು ಇಲ್ಲೇ. ಕಾಗದ ಯಾರ ಕೈಯಲ್ಲಿದೆಯೋ ಅವರಿಗೆ ರಾಯರು ಯಾರೆಂದು ಗೊತ್ತಿಲ್ಲ, ರಾಯರ ಮಾದರಿ ಸಹಿಯೂ ಅವರ ಹತ್ತಿರ ಇಲ್ಲ. ಮಾದರಿ ಸಹಿ ಯಾರ ಹತ್ತಿರ ಇದೆಯೋ ಅವರ ಕೈಗೆ ಕಾಗದ ಬರುವುದಿಲ್ಲ. ಕಳ್ಳನಿಗೆ ಇಷ್ಟು ಸಂದು ಸಾಕು.

ಅವನು ಮಾಡುವುದು ಎರಡು ಬಗೆ. ಒಂದು, ನಿಮ್ಮದೇ ಚೆಕ್ಕು ಅಂಚೆಯಲ್ಲೋ ಡಬ್ಬಿಯಲ್ಲೋ ಸಿಕ್ಕರೆ ರಾಸಾಯನಿಕ ಹಾಕಿ ಹೆಸರು, ಮೊತ್ತ ಅಳಿಸಿ ತನ್ನದು ಬರೆದುಕೊಳ್ಳುವುದು. ಇದಕ್ಕೆ ಮೂಲ ಚೆಕ್ಕು ಸಿಗಬೇಕು. ಇನ್ನೊಂದಕ್ಕೆ ಅದೂ ಬೇಡ. ಅದನ್ನು ನಾವು ಕ್ಲೋನ್ ಚೆಕ್ ಅನ್ನುತ್ತೇವೆ. ನೀವು ಯಾರಿಗೋ ಕೊಟ್ಟ ಹಳೆಯ ಚೆಕ್ಕಿನ ಫೋಟೋ ಒಂದು ಸಿಕ್ಕರೆ ನಿಮ್ಮ ಸಹಿ ಸಿಕ್ಕಿತು, ಖಾತೆ ಸಂಖ್ಯೆ ಸಿಕ್ಕಿತು, ಕೆಳಗಿನ ಪಟ್ಟಿಯ ಅಂಕಿಗಳೂ ಸಿಕ್ಕವು. ಆರಂಕಿಯ ಚೆಕ್ ನಂಬರಿಗೆ ನಾಲ್ಕೋ ಐದೋ ಕೂಡಿಸಿದರೆ ನೀವಿನ್ನೂ ಬಳಸದ ಹಾಳೆಯ ನಂಬರು ಬಂತು. ಅದನ್ನು ಅಚ್ಚು ಹಾಕಿ ಬೇರೆ ಊರಿನ ಯಾವುದೋ ಬ್ಯಾಂಕಿನಲ್ಲಿ ಹಾಕಿದರೆ, ಪರದೆಯ ಮೇಲೆ ಅದಕ್ಕೂ ಅಸಲಿಗೂ ವ್ಯತ್ಯಾಸ ಹಿಡಿಯುವುದು ಬಹಳ ಕಷ್ಟ. ಆ ಹಾಳೆ ನಿಮ್ಮ ಬೀರುವಿನಲ್ಲಿ ಚೆಕ್ ಪುಸ್ತಕದೊಳಗೇ ಇರುತ್ತದೆ. ಹಣ ಹೋಗಿರುತ್ತದೆ.

"ಇದೆಲ್ಲ ಸಿನಿಮಾ ಕಥೆ," ಅಂದರು ರಾಯರು.

ಸಿನಿಮಾ ಅಲ್ಲ, ಅಯೋಧ್ಯೆಯಲ್ಲೇ ಆಗಿದ್ದು. ರಾಮಮಂದಿರ ಕಟ್ಟುತ್ತಿದ್ದ ಟ್ರಸ್ಟಿನ ಖಾತೆಯಿಂದ 2020ರ ಸೆಪ್ಟೆಂಬರ್ 1ರಂದು ಎರಡೂವರೆ ಲಕ್ಷ ಹೋಯಿತು. 3ರಂದು ಮೂರೂವರೆ ಲಕ್ಷ. ಎರಡೂ ಕ್ಲೋನ್ ಚೆಕ್ಕು. ಯಾರಿಗೂ ಸುಳಿವಿಲ್ಲ. ಮೂರನೆಯದು ಬಂತು, ಒಂಬತ್ತು ಲಕ್ಷ ಎಂಬತ್ತಾರು ಸಾವಿರದ್ದು. ಮೊತ್ತ ದೊಡ್ಡದೆಂದು ಬ್ಯಾಂಕಿನವರು ಟ್ರಸ್ಟಿನ ಪ್ರಧಾನ ಕಾರ್ಯದರ್ಶಿ ಚಂಪತ್ ರಾಯ್ ಅವರಿಗೆ ಫೋನ್ ಮಾಡಿ, ಇಂಥ ಚೆಕ್ ಕೊಟ್ಟಿದ್ದೀರಾ ಎಂದು ಕೇಳಿದರು. ಅವರು ಕೊಟ್ಟಿರಲಿಲ್ಲ. ಆ ನಂಬರಿನ ಅಸಲಿ ಹಾಳೆ ಟ್ರಸ್ಟಿನ ಹತ್ತಿರವೇ ಇತ್ತು. ಮೂರನೆಯದು ನಿಂತಿತು, ಮೊದಲ ಎರಡರ ವಿಷಯವೂ ಹೊರಬಿತ್ತು.

ನನಗೆ ಈ ಪ್ರಕರಣದಲ್ಲಿ ಮುಖ್ಯ ಅನಿಸುವುದು ಕಳ್ಳನ ಚಾಲಾಕಿಯಲ್ಲ. ಎರಡು ಚೆಕ್ಕನ್ನು ದಾಟಿಸಿದ್ದೂ ಅದೇ ಪರದೆ, ಅದೇ ಸಹಿ ಪರೀಕ್ಷೆ. ಮೂರನೆಯದನ್ನು ಹಿಡಿದದ್ದು ಯಂತ್ರವೂ ಅಲ್ಲ, ದೀಪವೂ ಅಲ್ಲ. ಬರೆದವರನ್ನು ಕೇಳಿದ್ದು, ಅಷ್ಟೇ.

ಆ ಕೇಳುವ ಕೆಲಸವನ್ನೇ ನಿಯಮ ಮಾಡಿದ್ದು ಪಾಸಿಟಿವ್ ಪೇ. ಅಯೋಧ್ಯೆಯ ಪ್ರಕರಣಕ್ಕೂ ಮುಂಚೆ, ಅದೇ ವರ್ಷ ಆಗಸ್ಟ್ 6ರಂದೇ ರಿಸರ್ವ್ ಬ್ಯಾಂಕು ಇದನ್ನು ಘೋಷಿಸಿಯಾಗಿತ್ತು. ಸೆಪ್ಟೆಂಬರ್ 25ರಂದು ಸುತ್ತೋಲೆ ಬಂತು, 2021ರ ಜನವರಿ 1ರಿಂದ ಜಾರಿ. ಐವತ್ತು ಸಾವಿರ ಮತ್ತು ಅದಕ್ಕೆ ಮೇಲಿನ ಚೆಕ್ಕು ಬರೆಯುವ ಎಲ್ಲ ಖಾತೆದಾರರಿಗೂ ಬ್ಯಾಂಕು ಈ ಸೌಲಭ್ಯ ಕೊಡಬೇಕು. ಬಳಸುವುದು ಬಿಡುವುದು ಖಾತೆದಾರರ ಇಷ್ಟ. ಆದರೆ ಐದು ಲಕ್ಷ ಮತ್ತು ಮೇಲಿನವಕ್ಕೆ ಬೇಕಾದರೆ ಬ್ಯಾಂಕು ಕಡ್ಡಾಯ ಮಾಡಿಕೊಳ್ಳಬಹುದು. ಹಲವು ಬ್ಯಾಂಕುಗಳು ಕಡ್ಡಾಯ ಮಾಡಿಕೊಂಡಿವೆ. ರಾಯರ ಆರು ಲಕ್ಷ ನಲವತ್ತು ಸಾವಿರ ಬಿದ್ದದ್ದು ಈ ಬಲೆಗೆ.

"ಅಲ್ಲಮ್ಮಾ, ತಾರೀಕು, ಹೆಸರು, ಮೊತ್ತ ಎಲ್ಲ ಚೆಕ್ಕಿನ ಮೇಲೇ ಬರ್ದಿದೀನಿ. ಅದನ್ನೇ ಮತ್ತೆ ಫೋನಲ್ಲಿ ಹೊಡೆದ್ರೆ ಅದರಿಂದ ಹೊಸದಾಗಿ ಏನು ಗೊತ್ತಾಯ್ತು ಅವರಿಗೆ?"

ಒಳ್ಳೆಯ ಪ್ರಶ್ನೆ. ಹೊಸದು ಏನೂ ಗೊತ್ತಾಗುವುದಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಒಂದೇ ಸಂಗತಿ ಎರಡು ದಾರಿಯಲ್ಲಿ ಬರಬೇಕು, ಅದೇ ಉಪಾಯ. ಒಂದು ದಾರಿ ಕಂಟ್ರಾಕ್ಟರ್ ಕೈಯಲ್ಲಿ ಹೋದ ಕಾಗದ. ಅದು ಯಾರ ಯಾರ ಕೈ ದಾಟುತ್ತದೋ ನಿಮಗೆ ಗೊತ್ತಿಲ್ಲ. ಇನ್ನೊಂದು ದಾರಿ ನೀವು ನಿಮ್ಮ ಪಾಸ್‌ವರ್ಡ್ ಹಾಕಿ ನೇರ ನಿಮ್ಮ ಬ್ಯಾಂಕಿಗೆ ಹೇಳಿದ್ದು. ಖಾತೆ ಸಂಖ್ಯೆ, ಚೆಕ್ ನಂಬರು, ಚೆಕ್ಕಿನ ಮೇಲಿನ ತಾರೀಕು, ಮೊತ್ತ, ಯಾರ ಹೆಸರಿಗೆ ಎನ್ನುವುದು. ನಿಮ್ಮ ಬ್ಯಾಂಕು ಇದನ್ನು ಸಿಟಿಎಸ್ ನಡೆಸುವ ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ನಿನ ವ್ಯವಸ್ಥೆಗೆ ಸೇರಿಸುತ್ತದೆ. ಚೆಕ್ಕಿನ ಚಿತ್ರ ಬಂದಾಗ ಎರಡನ್ನೂ ತಾಳೆ ನೋಡುತ್ತಾರೆ. ತಾಳೆಯಾಗದಿದ್ದರೆ ಹಣ ಕೊಡುವ ಬ್ಯಾಂಕಿಗೂ ಚೆಕ್ ಹಾಕಿದ ಬ್ಯಾಂಕಿಗೂ ಸೂಚನೆ ಹೋಗುತ್ತದೆ. ಕಳ್ಳ ಕಾಗದವನ್ನು ಎಷ್ಟು ಚೆನ್ನಾಗಿ ತಿದ್ದಿದರೂ ಎರಡನೆಯ ದಾರಿಯಲ್ಲಿ ಬಂದ ಮೊತ್ತವನ್ನು ತಿದ್ದಲಾರ. ಕ್ಲೋನ್ ಆಗಿದ್ದರಂತೂ, ಆ ನಂಬರಿನ ಬಗ್ಗೆ ನೀವು ಏನನ್ನೂ ಹೇಳಿರುವುದೇ ಇಲ್ಲ.

"ಹೇಳದೇ ಇದ್ದದ್ದಕ್ಕೆ ನನ್ನದೂ ಕಳ್ಳನ ಲೆಕ್ಕಕ್ಕೆ ಸೇರ್ತು ಅನ್ನಿ," ಅಂದರು ರಾಯರು. ಸ್ವಲ್ಪ ತಣ್ಣಗಾಗಿದ್ದರು. ನಿಜವೂ ಹಾಗೆಯೇ. ಹೇಳದೆ ಬಂದ ಅಸಲಿ ಚೆಕ್ಕಿಗೂ ಹೇಳಲಾಗದೆ ಬಂದ ನಕಲಿಗೂ ವ್ಯವಸ್ಥೆಯ ಕಣ್ಣಲ್ಲಿ ಭೇದ ಕಾಣುವುದಿಲ್ಲ.

ಇನ್ನು ಬ್ಯಾಂಕುಗಳಿಗೆ ನಮ್ಮ ಮೇಲೆ ಇದ್ದಕ್ಕಿದ್ದ ಹಾಗೆ ಇಷ್ಟು ಕಾಳಜಿ ಯಾಕೆ ಎಂದು ಯಾರಾದರೂ ಕೇಳಿದರೆ, ಒಳಗಿದ್ದವಳಾಗಿ ಒಂದು ಮಾತು ಹೇಳುತ್ತೇನೆ. ಕಾಳಜಿ ನಮ್ಮ ಮೇಲೆ ಅರ್ಧ, ತಮ್ಮ ಮೇಲೆ ಅರ್ಧ. ಅದಕ್ಕೆ ಬೆಂಗಳೂರಿನದೇ ಒಂದು ಹಳೆಯ ಮೊಕದ್ದಮೆ ಇದೆ. ಕೆನರಾ ಸೇಲ್ಸ್ ಕಾರ್ಪೊರೇಷನ್ ಎಂಬ ಕಂಪನಿಯ ಖಾತೆ ಕೆನರಾ ಬ್ಯಾಂಕಿನ ಮಾವಳ್ಳಿ ಶಾಖೆಯಲ್ಲಿತ್ತು. ಚೆಕ್ ಪುಸ್ತಕ ಕಾಯುತ್ತಿದ್ದ ಲೆಕ್ಕಿಗನೇ ಮ್ಯಾನೇಜಿಂಗ್ ಡೈರೆಕ್ಟರರ ಸಹಿ ನಕಲು ಮಾಡಿ, 1957ರಿಂದ 1961ರವರೆಗೆ 42 ಚೆಕ್ಕುಗಳಲ್ಲಿ ಮೂರೂಕಾಲು ಲಕ್ಷಕ್ಕೂ ಹೆಚ್ಚು ಎತ್ತಿಬಿಟ್ಟ. ಆ ಕಾಲದ ಮೂರೂಕಾಲು ಲಕ್ಷ! ಕಂಪನಿ ದಾವೆ ಹೂಡಿತು. ನಾಲ್ಕು ವರ್ಷ ಪಾಸ್ ಪುಸ್ತಕ ಕೈಯಲ್ಲಿಟ್ಟುಕೊಂಡು ಸುಮ್ಮನಿದ್ದವರು ನೀವು, ತಪ್ಪು ನಿಮ್ಮದೇ ಅಂತ ಬ್ಯಾಂಕಿನ ವಾದ. 1987ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ನಕಲಿ ಸಹಿ ಇರುವ ಚೆಕ್ಕು ಖಾತೆದಾರರ ಆದೇಶವೇ ಅಲ್ಲ, ಆದೇಶವಿಲ್ಲದೆ ಕೊಟ್ಟ ಹಣ ಬ್ಯಾಂಕಿನದೇ ನಷ್ಟ, ಪಾಸ್ ಪುಸ್ತಕ ನೋಡಿಕೊಳ್ಳಲಿಲ್ಲ ಎಂಬ ಒಂದೇ ಕಾರಣಕ್ಕೆ ಗಿರಾಕಿಯ ಮೇಲೆ ಹೊರಿಸುವಂತಿಲ್ಲ ಎಂದಿತು.

ಅಂದರೆ ನಕಲಿ ಸಹಿಯ ಚೆಕ್ಕು ದಾಟಿದರೆ ಹೊರೆ ಬ್ಯಾಂಕಿನ ತಲೆಗೇ. ಆ ಹೊರೆ ಹೊರಬೇಕಾದವರು ಕಾಗದ ಮುಟ್ಟುವ ಹಾಗಿಲ್ಲ. ಹೀಗಿರುವಾಗ, ‘ಸ್ವಾಮಿ, ನೀವೇ ಒಂದು ಸಲ ಹೇಳಿಬಿಡಿ’ ಅನ್ನುವುದು ಬಿಟ್ಟು ಅವರಾದರೂ ಏನು ಮಾಡಿಯಾರು? ರಿಸರ್ವ್ ಬ್ಯಾಂಕಿನ ಸುತ್ತೋಲೆಯಲ್ಲಿ ಒಂದು ಸಾಲು ಇದೆ, ಹೆಚ್ಚು ಜನರ ಕಣ್ಣಿಗೆ ಬಿದ್ದಿಲ್ಲ. ಚೆಕ್ಕಿನ ಬಗ್ಗೆ ಬ್ಯಾಂಕುಗಳ ನಡುವೆ ತಕರಾರು ಬಂದಾಗ, ಪಾಸಿಟಿವ್ ಪೇ ನಿಯಮದಂತೆ ಬಂದ ಚೆಕ್ಕುಗಳನ್ನು ಮಾತ್ರ ಸಿಟಿಎಸ್ ಗ್ರಿಡ್ಡಿನ ವ್ಯಾಜ್ಯ ಪರಿಹಾರಕ್ಕೆ ತೆಗೆದುಕೊಳ್ಳುತ್ತಾರೆ. ಬ್ಯಾಂಕುಗಳು ಕಡ್ಡಾಯದ ಕಡೆಗೆ ವಾಲಿದ್ದು ಯಾಕೆ ಅನ್ನುವುದಕ್ಕೆ ನನಗೆ ಈ ಸಾಲೇ ಸಾಕು.

ಅವರಿಗೆ ಫೋನ್ ಮಾಡಿ ಕೇಳುವ ಪುರುಸೊತ್ತೂ ಈಗ ಉಳಿದಿಲ್ಲ. ಮುಂಚೆ ಚೆಕ್ಕುಗಳು ಕಂತೆಯಾಗಿ ಬರುತ್ತಿದ್ದವು, ಮಾರನೆಯ ದಿನದವರೆಗೆ ಸಮಯ ಸಿಗುತ್ತಿತ್ತು. 2025ರ ಅಕ್ಟೋಬರ್ 4ರಿಂದ ಹಗಲಿನ ಕೆಲಸದ ಹೊತ್ತಿನಲ್ಲಿ ಚಿತ್ರಗಳು ಎಡೆಬಿಡದೆ ಬರುತ್ತಲೇ ಇರುತ್ತವೆ. ಆ ದಿನ ಶುರುವಾದ ಮೊದಲ ಹಂತದ ನಿಯಮದಂತೆ, ಹಣ ಕೊಡುವ ಬ್ಯಾಂಕು ಅದೇ ದಿನ ಸಂಜೆ ಏಳರೊಳಗೆ ಹೂಂ ಅಥವಾ ಊಹೂಂ ಅನ್ನಬೇಕು. ಸುಮ್ಮನಿದ್ದರೆ ಒಪ್ಪಿದಂತೆಯೇ ಲೆಕ್ಕ. ಇಂಥ ಗಡಿಬಿಡಿಯಲ್ಲಿ ರಾಯರು ಫೋನು ಒಳಗಿಟ್ಟು ತೋಟಕ್ಕೆ ನೀರು ಹಾಯಿಸುತ್ತಿದ್ದರೆ ಯಾರು ಕಾಯುತ್ತಾರೆ? ಕೇಳುವ ಬದಲು ಮೊದಲೇ ಹೇಳಿಸಿಕೊಂಡುಬಿಡುವುದು ಬ್ಯಾಂಕಿಗೆ ಅನುಕೂಲ.

"ಸರಿ, ಹೇಳೋದು ಹೇಗೆ? ಆ ಮೆಸೇಜಿನ ಲಿಂಕ್ ಒತ್ತಲಾ?"

"ಅದನ್ನ ಮಾತ್ರ ಒತ್ತಬೇಡಿ!" ಅಂದೆ. ಅಷ್ಟು ಜೋರಾಗಿ ಅಂದೆನೋ ಏನೋ, ರಾಯರ ಮನೆಯವರ ಕೈಯಿಂದ ಮಲ್ಲಿಗೆ ಉದುರಿತು. ಮೆಸೇಜು ಅಸಲಿಯೇ ಇರಬಹುದು, ಇರದೆಯೂ ಇರಬಹುದು. ಅದನ್ನು ನೆನಪೋಲೆ ಎಂದು ತಿಳಿದು ಪಕ್ಕಕ್ಕಿಟ್ಟು, ನೀವಾಗಿ ಬ್ಯಾಂಕಿನ ಆ್ಯಪನ್ನೋ ನೆಟ್ ಬ್ಯಾಂಕಿಂಗನ್ನೋ ತೆರೆಯಬೇಕು. ಚೆಕ್ ಸೇವೆಗಳ ಕೆಳಗೆ ಪಾಸಿಟಿವ್ ಪೇ ಇರುತ್ತದೆ. ಅದು ಒಗ್ಗದವರು ಶಾಖೆಗೆ ಹೋಗಿ ಕೇಳಬಹುದು, ಅಲ್ಲಿ ಫಾರಂ ತುಂಬಿಸಿಕೊಳ್ಳುವ ಬ್ಯಾಂಕುಗಳೂ ಇವೆ. ವಿವರ ಕೇಳುವವರು ನಿಮಗೇ ಫೋನ್ ಮಾಡಿ ಓಟಿಪಿ ಹೇಳಿ ಅಂದರೆ ಅದು ಪಾಸಿಟಿವ್ ಪೇ ಅಲ್ಲ, ಕಳ್ಳತನ.

ಹೊತ್ತಿನ ವಿಷಯದಲ್ಲಿ ಜನ ಎಡವುತ್ತಾರೆ. ಚೆಕ್ಕು ಬ್ಯಾಂಕು ಸೇರಿದ ಮೇಲೆ ಹೇಳಿದರೆ ಪ್ರಯೋಜನ ಕಡಿಮೆ. ಬರೆದ ದಿನವೇ, ಹಾಳೆ ಹರಿಯುವ ಮುಂಚೆ, ಅದನ್ನೇ ಎದುರಿಗಿಟ್ಟುಕೊಂಡು ತುಂಬಬೇಕು. ಆರು ಲಕ್ಷ ನಲವತ್ತು ಸಾವಿರಕ್ಕೆ ಒಂದು ಸೊನ್ನೆ ಕಡಿಮೆ ಹೊಡೆದರೆ ಅದು ಅರವತ್ತನಾಲ್ಕು ಸಾವಿರ, ತಾಳೆಯಾಗುವುದಿಲ್ಲ. ತಾರೀಕೆಂದರೆ ಚೆಕ್ಕಿನ ಮೇಲೆ ಬರೆದ ತಾರೀಕು, ಇವತ್ತಿನದಲ್ಲ. ಮುಂದಿನ ತಾರೀಕು ಹಾಕಿ ಕೊಡುವವರು ಇಲ್ಲೇ ತಪ್ಪುತ್ತಾರೆ. ಹೆಸರು ಕೂಡ ಅಷ್ಟೇ, ಚೆಕ್ಕಿನಲ್ಲಿ ಅಂಗಡಿಯ ಹೆಸರು ಬರೆದು ಆ್ಯಪಿನಲ್ಲಿ ಮಾಲೀಕನ ಹೆಸರು ಹಾಕುವುದು ಬೇಡ. ಒಮ್ಮೆ ಒಪ್ಪಿಸಿದ್ದನ್ನು ಆಮೇಲೆ ತಿದ್ದಲು ಹಲವೆಡೆ ಬಿಡುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಇದು ಏನನ್ನು ಕಾಯುವುದಿಲ್ಲ ಎನ್ನುವುದನ್ನೂ ಹೇಳಬೇಕು. ಪಾಸಿಟಿವ್ ಪೇ ನಿಮ್ಮ ಸಹಿಯನ್ನು ನೋಡುವುದಿಲ್ಲ. ಅದನ್ನು ಬ್ಯಾಂಕಿನವರು ಪರದೆಯ ಮೇಲೆ ಬೇರೆಯಾಗಿ ನೋಡಲೇಬೇಕು, ಖಾತೆಯಲ್ಲಿ ಹಣವೂ ಇರಲೇಬೇಕು. ಕಳ್ಳ ನಲವತ್ತೊಂಬತ್ತು ಸಾವಿರ ಬರೆದುಕೊಂಡರೆ ಅವನು ಐವತ್ತರ ಗೆರೆಯ ಕೆಳಗೇ ನುಸುಳುತ್ತಾನೆ. ನಿಮ್ಮ ಚೆಕ್ ಪುಸ್ತಕವೂ ಫೋನೂ ಆ್ಯಪಿನ ಪಿನ್ನೂ ಒಬ್ಬನೇ ನಂಬಿಕಸ್ತನ ಕೈಯಲ್ಲಿದ್ದರೆ ಎರಡು ದಾರಿಯೂ ಒಂದೇ ಆಯಿತು, ಮಾವಳ್ಳಿಯ ಲೆಕ್ಕಿಗನ ಕಥೆ ಮತ್ತೆ ನಡೆಯಬಹುದು. ಹಾಗಾಗಿ ಎಸ್ಸೆಮ್ಮೆಸ್ಸಿನ ಮೇಲೆ ಕಣ್ಣಿರಲಿ. ನೀವು ಕೊಡದ ಚೆಕ್ಕಿನ ನಂಬರು ಕ್ಲಿಯರಿಂಗಿಗೆ ಬಂದಿದೆ ಎಂದು ಕಂಡರೆ ಸಂಜೆಯವರೆಗೆ ಯೋಚಿಸುತ್ತ ಕೂರಬೇಡಿ, ಆ ಕ್ಷಣವೇ ಸ್ಟಾಪ್ ಪೇಮೆಂಟ್ ಕೊಟ್ಟು ಶಾಖೆಗೆ ಓಡಿ.

ಬ್ಯಾಂಕುಗಳ ಮೇಲೆ ನನ್ನ ದೂರು ಒಂದೇ. ಕೇಳುವುದು ಸರಿ, ಆದರೆ ಯಾಕೆ ಕೇಳುತ್ತೇವೆ ಎಂದು ಚೆಕ್ ಪುಸ್ತಕದ ಮೊದಲ ಹಾಳೆಯಲ್ಲಿ ದಪ್ಪ ಅಕ್ಷರದ ಕನ್ನಡದಲ್ಲಿ ನಾಲ್ಕು ಸಾಲು ಅಚ್ಚು ಹಾಕಲು ಏನು ಕಷ್ಟ? ರಾಯರಂಥವರಿಗೆ ನಿಯಮ ಗೊತ್ತಾಗುವುದೇ ಚೆಕ್ಕು ವಾಪಸು ಬಂದ ಮೇಲೆ. ಆಗ ಮಾನ ಹೋಗುವುದು ಅವರದು, ಕಾಯುವುದು ಕೂಲಿಯವರಿಗೆ ದುಡ್ಡು ಕೊಡಬೇಕಾದ ಕಂಟ್ರಾಕ್ಟರು.

ಅದಕ್ಕೇ ಈ ಮಾತು ಚೆಕ್ ಬರೆಯುವವರಿಗಿಂತ ಹೆಚ್ಚಾಗಿ ತೆಗೆದುಕೊಳ್ಳುವವರಿಗೆ. ಸೈಟು ಮಾರಿದ್ದಕ್ಕೋ ಕೆಲಸ ಮಾಡಿದ್ದಕ್ಕೋ ಯಾರಾದರೂ ಐದು ಲಕ್ಷ ಮೀರಿದ ಚೆಕ್ಕು ಕೈಗಿಟ್ಟರೆ, ಸಂಕೋಚ ಬೇಡ, "ಪಾಸಿಟಿವ್ ಪೇ ಹಾಕಿದ್ದೀರಾ?" ಎಂದು ಎದುರಿಗೇ ಕೇಳಿ. ಹಾಕಿಲ್ಲ ಅಂದರೆ, ಅಲ್ಲೇ ಕೂರಿಸಿ ಹಾಕಿಸಿಕೊಂಡು ಆಮೇಲೆ ಚೆಕ್ಕು ಜೇಬಿಗಿಳಿಸಿ.